ಟಿಡಿಎಸ್ ಕಡಿಮೆ ಇದ್ದ ಬೋರ್ ನೀರೇ ನಮಗೆ ಮೋಸ ಮಾಡಿದ್ದು

ಪ್ರಶ್ನೆ: ಚಿತ್ರದುರ್ಗದ ಹೊರಗೆ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿದ್ದೇವೆ. ಸದ್ಯಕ್ಕೆ ಬೋರ್ ನೀರೊಂದೇ. ಟಿಡಿಎಸ್ 600 ಇದೆ, ರುಚಿ ಚೆನ್ನಾಗಿದೆ. ಮನೇಲಿ ಐದು ವರ್ಷದ ಮಗು ಇದೆ. ಕಾಯಿಸಿ ಕುಡಿದರೆ ಸಾಕಾ, ಕ್ಯಾನ್ ತರಿಸೋದಾ, ಇಲ್ಲ ಫಿಲ್ಟರ್ ಹಾಕಿಸೋದಾ? ಹಾಕಿಸೋದಾದರೆ ಯಾವುದು?

ಯಾವ ಮಷೀನೂ ಕೊಳ್ಳುವ ಮುಂಚೆ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ. ನಾನು ಹೊಳಲ್ಕೆರೆ ಕಡೆಯವನು. ನಮ್ಮ ಬೋರಿನ ಟಿಡಿಎಸ್ ಕೂಡ ಹೆಚ್ಚುಕಡಿಮೆ ನಿಮ್ಮಷ್ಟೇ. ಬೇಳೆ ಬೇಗ ಬೇಯುತ್ತಿತ್ತು, ಸೋಪಿನ ನೊರೆ ಚೆನ್ನಾಗಿ ಬರುತ್ತಿತ್ತು. ಸಿಹಿನೀರು ಸಿಕ್ಕಿತು ಅಂತ ನಮ್ಮಪ್ಪ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಪರೀಕ್ಷೆ ಮಾಡಿಸಿದಾಗ ಲೀಟರಿಗೆ 2.4 ಮಿಲಿಗ್ರಾಂ ಫ್ಲೋರೈಡ್ ಸಿಕ್ಕಿತು. ಕುಡಿಯುವ ನೀರಲ್ಲಿ ಅದು 1ರ ಒಳಗಿರಬೇಕು. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ನಡೆಯುತ್ತದೆ ಅನ್ನುತ್ತದೆ ಭಾರತೀಯ ಮಾನಕ.

ನಮ್ಮ ಸೀಮೆಯ ಕಲ್ಲಿನಲ್ಲೇ ಫ್ಲೋರೈಡ್ ಇದೆ, ಆಳದ ನೀರಿಗೆ ಅದು ಕರಗಿ ಸೇರುತ್ತದೆ. ನೀರಲ್ಲಿ ಸುಣ್ಣದ ಅಂಶ ಜಾಸ್ತಿ ಇದ್ದರೆ ಅದು ಫ್ಲೋರೈಡನ್ನು ಹೆಚ್ಚು ಕರಗಲು ಬಿಡುವುದಿಲ್ಲ. ಹಾಗಾಗಿ ಗಡಸಲ್ಲದ, ನಾಲಿಗೆಗೆ ಹಿತವಾದ ಬೋರ್ ನೀರಿನ ಮೇಲೇ ಸ್ವಲ್ಪ ಅನುಮಾನ ಇಟ್ಟುಕೊಳ್ಳಬೇಕು. ಟಿಡಿಎಸ್ ಮೀಟರ್ ಒಟ್ಟು ಲವಣದ ಅಂದಾಜು ಕೊಡುತ್ತದೆ, ಆರುನೂರರಲ್ಲಿ ಎರಡು ಮಿಲಿಗ್ರಾಂ ಯಾವುದರದ್ದು ಅಂತ ಅದಕ್ಕೆ ಗೊತ್ತಾಗಲ್ಲ. ಫ್ಲೋರೈಡಿಗೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ.

ಪರೀಕ್ಷೆಗೆ ಜಿಲ್ಲೆಯ ಗ್ರಾಮೀಣ ಕುಡಿಯುವ ನೀರಿನ ಪ್ರಯೋಗಾಲಯದಲ್ಲಿ ವಿಚಾರಿಸಿ, ಅಥವಾ ಖಾಸಗಿ ಲ್ಯಾಬಿಗೆ ಕೊಡಿ. ಮೋಟರ್ ಹತ್ತು ನಿಮಿಷ ಓಡಿಸಿ, ಪೈಪಲ್ಲಿ ನಿಂತ ನೀರು ಹೋದ ಮೇಲೆ ಒಂದು ಲೀಟರ್ ಹಿಡಿಯಿರಿ. ಗಾಜಿನ ಬಾಟಲಿ ಬೇಡ, ಶುದ್ಧವಾದ ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು. ಫ್ಲೋರೈಡ್ ಜೊತೆಗೆ ನೈಟ್ರೇಟ್, ಗಡಸುತನ ಎರಡನ್ನೂ ಬರೆಸಿ. ಮಳೆಗಾಲದಲ್ಲಿ ಮಾಡಿಸಿದ್ದರೆ ಬೇಸಿಗೆಯಲ್ಲಿ ನೀರು ಕೆಳಗಿಳಿದಾಗ ಇನ್ನೊಂದು ಸಲ ಮಾಡಿಸಿ.

ಇನ್ನು ಕಾಯಿಸುವ ವಿಚಾರ. ಒಂದು ನಿಮಿಷ ಚೆನ್ನಾಗಿ ಕುದಿದರೆ ರೋಗಾಣುಗಳು ಸಾಯುತ್ತವೆ. ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟಿದರೆ ಅಷ್ಟು ಸುಣ್ಣ ನೀರಿನಿಂದ ಹೋಯಿತು ಅಂತ. ಫ್ಲೋರೈಡ್ ಮಾತ್ರ ಆವಿಯಾಗಿ ಹೋಗಲ್ಲ. ಹತ್ತು ಲೀಟರ್ ಕುದಿದು ಒಂಬತ್ತಾದರೆ 2.4 ಇದ್ದದ್ದು 2.7ಕ್ಕೆ ಹತ್ತಿರವಾಗುತ್ತದೆ. ಯುವಿ ಫಿಲ್ಟರ್, ಕ್ಯಾಂಡಲ್ ಫಿಲ್ಟರ್ ಕಥೆಯೂ ಇಷ್ಟೇ, ಕ್ರಿಮಿಗೆ ಆಯಿತು, ಕರಗಿದ್ದಕ್ಕೆ ಆಗಲ್ಲ. ಗೀಸರ್ ಉಳಿಸೋಕೆ ಹಾಕಿಸುವ ಸಾಫ್ಟ್‌ನರ್ ಕೂಡ ಫ್ಲೋರೈಡ್ ತೆಗೆಯುವುದಿಲ್ಲ. ಮುಂದೆ ನಿಮಗೆ ವಾಣಿವಿಲಾಸ ಸಾಗರ ಅಥವಾ ಶಾಂತಿಸಾಗರದ ನಲ್ಲಿ ನೀರು ಬಂದರೆ ಮಾತು ಬೇರೆ. ಕೆರೆ ನೀರಿಗೆ ಕಾಯಿಸುವುದು ಅಥವಾ ಯುವಿ ಸಾಕು, ಆರ್‌ಒ ದಂಡ.

ಫ್ಲೋರೈಡ್ 1 ದಾಟಿದ ಬೋರ್ ನೀರಿಗೆ ಮನೆಮಟ್ಟಿಗೆ ಸುಲಭವಾಗಿ ಸಿಗುವುದು ಆರ್‌ಒ. ಅದರೊಳಗಿನ ಮೆಂಬ್ರೇನ್ ಅನ್ನುವ ಸೂಕ್ಷ್ಮ ಪರದೆ ಕರಗಿದ್ದನ್ನೂ ಬಹುಪಾಲು ತಡೆಯುತ್ತದೆ. ನಾನು ಎಡವಿದ್ದೂ ಅಲ್ಲೇ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಷೀನ್ ಕೂರಿಸಲು ಬಂದ ಹುಡುಗ ಮೊದಲು ಅಳೆದಾಗ ಟಿಡಿಎಸ್ 60 ಬಂತು. 'ಸರ್, ಇದರಲ್ಲಿ ಮಿನರಲ್ಲೇ ಇರಲ್ಲ, ಮಂಡಿ ನೋವು ಬರುತ್ತೆ' ಅಂತ ಹೇಳಿ ಒಳಗಿದ್ದ ಚಿಕ್ಕ ಸ್ಕ್ರೂ ತಿರುಗಿಸಿ 300ಕ್ಕೆ ತಂದಿಟ್ಟು ಹೋದ. ಅದರ ಹೆಸರು ಟಿಡಿಎಸ್ ಕಂಟ್ರೋಲರ್. ಹೆಸರು ದೊಡ್ಡದು, ಕೆಲಸ ಏನೆಂದರೆ ಮೆಂಬ್ರೇನ್ ದಾಟದ ನೀರನ್ನು ಪಕ್ಕದ ದಾರಿಯಿಂದ ತಂದು ಶುದ್ಧ ನೀರಿಗೆ ಬೆರೆಸುವುದು. ಆ ಪಕ್ಕದ ದಾರಿಯಲ್ಲಿ ಯುವಿ ಇರಬಹುದು, ಆದರೆ ಫ್ಲೋರೈಡ್ ಹಾಗೇ ಬರುತ್ತದೆ.

ಲೆಕ್ಕ ಹಾಕಿ ನೋಡಿ. 60ರ ನೀರಿಗೆ 600ರ ನೀರು ಬೆರೆಸಿ 300 ಮಾಡಬೇಕಾದರೆ ನೂರು ಪಾಲಿನಲ್ಲಿ ಸುಮಾರು 44 ಪಾಲು ಬೋರ್ ನೀರೇ ಇರಬೇಕು. ಆ 44 ಪಾಲಿನಿಂದ ಫ್ಲೋರೈಡ್ 1.05ರಷ್ಟು, ಉಳಿದ 56 ಪಾಲಿನಿಂದ 0.13ರಷ್ಟು, ಒಟ್ಟು 1.2ರ ಹತ್ತಿರ. ಸ್ಕ್ರೂ ಮುಚ್ಚಿದ್ದರೆ ಟಿಡಿಎಸ್ ಹಾಗೇ ಫ್ಲೋರೈಡೂ ಹತ್ತನೇ ಒಂದಕ್ಕೆ ಇಳಿದು 0.24ರ ಆಸುಪಾಸಿನಲ್ಲಿ ಇರುತ್ತಿತ್ತು. ಅಷ್ಟು ದುಡ್ಡು ಕೊಟ್ಟು ಅರ್ಧಕ್ಕರ್ಧ ಬೋರ್ ನೀರನ್ನೇ ಕುಡಿಯುತ್ತಿದ್ದೆವು! ತಮಾಷೆ ಅಂದರೆ ನಮ್ಮ ಪಕ್ಕದ ಮನೆಯವರ ಬೋರಿನ ಟಿಡಿಎಸ್ 1200. ಅವರ ಮೆಂಬ್ರೇನ್ ದಾಟಿದ ನೀರು 120 ಅಂತಿಟ್ಟುಕೊಂಡರೆ 300 ಮಾಡಲು 17 ಪಾಲು ಬೆರೆಸಿದರೆ ಸಾಕು, ಫ್ಲೋರೈಡ್ ನಮ್ಮಷ್ಟೇ ಇದ್ದರೂ ಅವರ ಲೋಟದಲ್ಲಿ ನಮ್ಮ ಅರ್ಧದಷ್ಟು, ಅಷ್ಟೇ. ನೀರು ಒಳ್ಳೆಯದಿದ್ದಷ್ಟೂ ಈ ಸ್ಕ್ರೂ ಹೆಚ್ಚು ಕೆಡಿಸುತ್ತದೆ.

ಹಾಗಾಗಿ ನಿಮಗೆ ಬೇಕಾದ್ದು ಟಿಡಿಎಸ್ ಕಂಟ್ರೋಲರ್ ಇಲ್ಲದ, ಅಥವಾ ಅದನ್ನು ಪೂರ್ತಿ ಮುಚ್ಚಲು ಬರುವ ಆರ್‌ಒ. ಕೂರಿಸುವವರ ಎದುರು ನಿಂತು ಮುಚ್ಚಿಸಿ. ಮಿನರಲ್ ಕಾರ್ಟ್ರಿಜ್ ಅಂತ ಬೇರೆ ಬರುತ್ತದೆ, ಅದು ಬೋರ್ ನೀರು ಬೆರೆಸದೆ ಮೆಂಬ್ರೇನ್ ದಾಟಿದ ನೀರಿಗೇ ಸ್ವಲ್ಪ ಕ್ಯಾಲ್ಸಿಯಂ ಸೇರಿಸುತ್ತದೆ, ಅದಿದ್ದರೆ ತೊಂದರೆಯಿಲ್ಲ. ಇನ್ನು ಕ್ಯಾಲ್ಸಿಯಂ ಬೇಕು ಅಂದರೆ ರಾಗಿ ಇದೆ, ಹಾಲಿದೆ. ಅದಕ್ಕೋಸ್ಕರ ಯಾರೂ ಬೋರ್ ನೀರು ಕುಡಿಯಬೇಕಿಲ್ಲ.

ಇಲ್ಲಿ ಟಿಡಿಎಸ್ ಮೀಟರ್ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಕಂಟ್ರೋಲರ್ ಮುಚ್ಚಿದ್ದಾಗ ಹೊಸ ಮೆಂಬ್ರೇನಿನ ನೀರು ಎಷ್ಟು ತೋರಿಸುತ್ತದೆ ಅಂತ ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಡಿ, ತಿಂಗಳಿಗೊಮ್ಮೆ ನೋಡಿ. 60 ಇದ್ದದ್ದು 120 ದಾಟಿದರೆ ಮೆಂಬ್ರೇನ್ ಸೋಲುತ್ತಿದೆ, ಫ್ಲೋರೈಡೂ ಅದರ ಜೊತೆ ನುಸುಳುತ್ತಿದೆ ಅಂತ ತಿಳಿಯಿರಿ. ಸ್ಕ್ರೂ ತೆರೆದಿಟ್ಟರೆ ಈ ಲೆಕ್ಕ ಸಿಗುವುದೇ ಇಲ್ಲ, ಮೆಂಬ್ರೇನ್ ಹೋಯಿತೋ ಬೆರಕೆ ಹೆಚ್ಚಾಯಿತೋ ಹೇಳಲು ಬರಲ್ಲ.

ಕ್ಯಾನ್ ನೀರು ಮಷೀನ್ ಬರುವವರೆಗೆ ಆದೀತು. ಸೀಲ್, ಲೈಸೆನ್ಸ್ ನಂಬರ್, ತುಂಬಿದ ದಿನಾಂಕ ಮೂರೂ ಇರಲಿ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತರುವುದಾದರೆ ಆ ನೀರಿನದೂ ಒಂದು ಬಾಟಲಿ ಲ್ಯಾಬಿಗೆ ಹೋಗಲಿ. ಅಲ್ಲಿರುವುದೂ ಮೆಂಬ್ರೇನೇ, ಅದಕ್ಕೂ ವಯಸ್ಸಾಗುತ್ತದೆ.

ಅಡುಗೆಗೂ ಆರ್‌ಒ ನೀರನ್ನೇ ಬಳಸಿ, ಇದನ್ನು ತುಂಬಾ ಜನ ಮರೆಯುತ್ತಾರೆ. ಮುದ್ದೆಗೆ ಇಟ್ಟ ಎಸರು, ಸಾರು, ಗಂಜಿ ಎಲ್ಲ ಹೊಟ್ಟೆಗೇ ಹೋಗುವ ನೀರು. ನಮ್ಮಮ್ಮ ಒಂದು ವರ್ಷ ಕುಡಿಯೋಕೆ ಮಾತ್ರ ಫಿಲ್ಟರ್ ನೀರು, ಅಡುಗೆಗೆ ಬೋರ್ ನೀರು ಅಂತ ನಡೆಸಿದ್ದರು. ನಿಮ್ಮ ಮಗುವಿನ ವಯಸ್ಸಿಗೆ ಇದು ಮುಖ್ಯ. ಹಾಲುಹಲ್ಲು ಬಿದ್ದ ಮೇಲೆ ಬರುವ ಹಲ್ಲುಗಳು ಈಗಲೇ ಒಸಡಿನೊಳಗೆ ರೂಪುಗೊಳ್ಳುತ್ತಿರುತ್ತವೆ, ಮಾಸಲು ಕಲೆ ಬೀಳುವುದು ಈ ವಯಸ್ಸಲ್ಲೇ.

ಮಷೀನಿಂದ ಹೊರಹೋಗುವ ನೀರು ಜಾಸ್ತಿಯೇ. ನಮ್ಮಲ್ಲಿ ಹತ್ತು ಲೀಟರ್ ಒಳಗೆ ಹೋದರೆ ಮೂರು ಕುಡಿಯಲು ಸಿಗುತ್ತದೆ, ಏಳು ಬಕೆಟ್ಟಿಗೆ. ಆ ಏಳರಲ್ಲಿ ಫ್ಲೋರೈಡ್ 3.3ರವರೆಗೆ ಸಾಂದ್ರವಾಗಿರುತ್ತದೆ. ನೆಲ ಒರೆಸಲು, ಪಾಯಿಖಾನೆಗೆ ಹಾಕಿ. ಮನೆಯಲ್ಲಿ ಹಸು ಇದ್ದರೆ ಬಾನಿಗೆ ಮಾತ್ರ ಸುರಿಯಬೇಡಿ.