ಎಂಟು ನಿಮಿಷದ ವರದಿ

*ಸಂಪಾದಕರಿಗೆ ನಮಸ್ಕಾರ. ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಪ್ರಭಾರ ಮುಖ್ಯ ಶಿಕ್ಷಕಿಯಾಗಿದ್ದೇನೆ. ಈ ಸಲ ವಾರ್ಷಿಕೋತ್ಸವದ ವರದಿ ನಾನೇ ಓದಬೇಕು. ಕಡತದಲ್ಲಿರುವ ಹಳೆಯ ವರದಿಗಳು ಹನ್ನೆರಡು ಪುಟ ಇವೆ, ಓದುವಾಗ ಯಾರೂ ಕೇಳುವುದಿಲ್ಲ. ಹತ್ತನೇ ತರಗತಿ ಫಲಿತಾಂಶ ಹೋದ ಸಲಕ್ಕಿಂತ ಇಳಿದಿದೆ, ಅದನ್ನು ಪೋಷಕರ ಮುಂದೆ ಹೇಗೆ ಹೇಳುವುದು? ಶಾಸಕರೂ ಬರುತ್ತಾರಂತೆ. ಬೇಡಿಕೆಗಳನ್ನು ಎಷ್ಟು ಇಡಬೇಕು, ಯಾವ ರೀತಿ ಇಡಬೇಕು? — ಒಬ್ಬ ಓದುಗರು, ಶಿವಮೊಗ್ಗ ಜಿಲ್ಲೆ*

ಮೇಡಂ, ಆ ಹನ್ನೆರಡು ಪುಟಗಳನ್ನು ಒಂದು ಪೆನ್ಸಿಲ್ ಹಿಡಿದು ಓದಿ. ಮೊದಲ ಒಂದೂವರೆ ಪುಟ ವೇದಿಕೆಯ ಮೇಲಿರುವವರ ಹೆಸರು ಮತ್ತು ವಿಶೇಷಣ. ಅದು ಸ್ವಾಗತ ಭಾಷಣದ ಕೆಲಸ. ಕೊನೆಯ ಎರಡು ಪುಟ ದಾನಿಗಳಿಗೆ, ಎಸ್‌ಡಿಎಂಸಿಯವರಿಗೆ, ಶಾಮಿಯಾನದವರಿಗೆ ಕೃತಜ್ಞತೆ. ಅದು ವಂದನಾರ್ಪಣೆಯವರ ಕೆಲಸ. ನಡುವೆ ನಾಲ್ಕು ಪುಟ ಆಟೋಟದಲ್ಲಿ ಗೆದ್ದವರ ಪಟ್ಟಿ. ಇನ್ನರ್ಧ ಗಂಟೆಯಲ್ಲಿ ಬಹುಮಾನ ವಿತರಣೆಯಾಗುವಾಗ ಅವೇ ಹೆಸರುಗಳನ್ನು ಮತ್ತೆ ಕೂಗುತ್ತಾರೆ. ಇಷ್ಟನ್ನು ಹೊಡೆದು ಹಾಕಿದರೆ ಉಳಿಯುವುದು ನಾಲ್ಕೈದು ಪುಟ, ಅದರಲ್ಲಿಯೂ ಕತ್ತರಿಸುವುದಿದೆ.

ಮೈಕಿನ ಮುಂದೆ ಅರ್ಥವಾಗುವಂತೆ ಓದಿದರೆ ಕನ್ನಡದಲ್ಲಿ ನಿಮಿಷಕ್ಕೆ ಎಂಬತ್ತು ತೊಂಬತ್ತು ಪದಕ್ಕಿಂತ ಹೆಚ್ಚು ಸಾಗುವುದಿಲ್ಲ. ನಮ್ಮ ಪದಗಳು ಉದ್ದ, ಜೊತೆಗೆ ಹೊರಗಿನ ಧ್ವನಿವರ್ಧಕ ಪ್ರತಿ ಮಾತನ್ನೂ ಒಮ್ಮೆ ಮಾರ್ದನಿಸುತ್ತದೆ. ಎಂಟು ನಿಮಿಷಕ್ಕೆ ಏಳುನೂರು ಪದ ಎಂದು ಲೆಕ್ಕ ಇಟ್ಟುಕೊಳ್ಳಿ. ಎಂಟೇ ಯಾಕೆಂದರೆ ಆ ಹೊತ್ತಿಗೆ ಪರದೆಯ ಹಿಂದೆ ಮಕ್ಕಳು ಮುಖಕ್ಕೆ ಬಣ್ಣ ಹಚ್ಚಿಕೊಂಡು ನಿಂತಿರುತ್ತಾರೆ, ಅವರ ಅಪ್ಪ ಅಮ್ಮಂದಿರ ಕಣ್ಣು ಆ ಪರದೆಯ ಮೇಲೇ ಇರುತ್ತದೆ. ಇಲಾಖೆಗೂ ಕಡತಕ್ಕೂ ಬೇಕಾದ ಪೂರ್ಣ ವರದಿಯನ್ನು ಬೇರೆಯಾಗಿ ಬರೆದು ಸಹಿ ಹಾಕಿ ಇಡಿ. ಓದುವುದು ಅದರ ಸಾರವಲ್ಲ, ಪೋಷಕರಿಗಾಗಿಯೇ ಬರೆದ ಇನ್ನೊಂದು ಬರಹ.

ಬರೆಯಲು ಕೂರುವ ಮೊದಲು ತೀರ್ಮಾನಿಸಬೇಕಾದದ್ದು, ಯಾವ ವರ್ಷದ ವರದಿ ಎಂಬುದನ್ನು. ವಾರ್ಷಿಕೋತ್ಸವ ನಡೆಯುವುದು ಡಿಸೆಂಬರಿನಿಂದ ಫೆಬ್ರವರಿಯ ಒಳಗೆ, ಆಗ ಶೈಕ್ಷಣಿಕ ವರ್ಷ ಮುಗಿದಿರುವುದಿಲ್ಲ. ನೀವು ಹೇಳುವ ಎಸ್ಸೆಸ್ಸೆಲ್ಸಿ ಫಲಿತಾಂಶ ಈಗ ಶಾಲೆ ಬಿಟ್ಟು ಹೋಗಿರುವ ತಂಡದ್ದು. ಪ್ರತಿಭಾ ಕಾರಂಜಿ, ಕ್ರೀಡಾಕೂಟ ಈಗಿನ ಮಕ್ಕಳದ್ದು. ಇವೆರಡನ್ನೂ ‘ಪ್ರಸಕ್ತ ಸಾಲಿನಲ್ಲಿ’ ಎಂದು ಒಂದೇ ಉಸಿರಿಗೆ ಓದಿಬಿಟ್ಟರೆ, ಮುಂದೆ ಕುಳಿತ ಹತ್ತನೇ ತರಗತಿಯ ತಾಯಿಗೆ ತನ್ನ ಮಗನ ತರಗತಿಯ ಬಗ್ಗೆಯೇ ಹೇಳುತ್ತಿದ್ದಾರೆ ಅನಿಸುತ್ತದೆ. ಆದ್ದರಿಂದ ಫಲಿತಾಂಶಕ್ಕೆ ‘ಕಳೆದ ಮಾರ್ಚ್–ಏಪ್ರಿಲ್‌ನಲ್ಲಿ ಬರೆದ ಮಕ್ಕಳು’ ಎಂದು ಸೇರಿಸಿ. ಈಗಿನ ಹತ್ತನೆಯವರ ಬಗ್ಗೆ ಹೇಳಲು ದಸರೆಗೆ ಮುಂಚಿನ ಸಂಕಲನಾತ್ಮಕ ಮೌಲ್ಯಮಾಪನದ ಅಂಕಗಳಿರುತ್ತವೆ. ಅದರಿಂದ ಒಂದೇ ವಾಕ್ಯ ಸಾಕು.

ಇನ್ನು ಇಳಿದ ಫಲಿತಾಂಶ. ನಿಮ್ಮ ಅಂಕಿ ನೀವು ಬರೆದಿಲ್ಲ, ಹಾಗಾಗಿ ಒಂದು ಉದಾಹರಣೆ ಹಾಕಿಕೊಳ್ಳೋಣ. ಹೋದ ಸಲ 41 ಮಕ್ಕಳು ಬರೆದು 35 ಮಂದಿ ಪಾಸಾದರು, ಶೇ 85.4. ಈ ಸಲ ನೋಂದಾಯಿಸಿದವರು 38, ಬರೆದವರು 36, ಪರೀಕ್ಷೆ-1ರಲ್ಲಿ ಪಾಸಾದವರು 29. ಇದು ಶೇ 80.6. ಐದು ಅಂಶ ಬಿತ್ತು ಎಂದರೆ ದೊಡ್ಡದಾಗಿ ಕೇಳುತ್ತದೆ. ಆದರೆ 36 ಮಕ್ಕಳ ತರಗತಿಯಲ್ಲಿ ಒಂದು ಮಗು ಎಂದರೆ ಹತ್ತಿರಹತ್ತಿರ ಶೇ 2.8. ಇನ್ನಿಬ್ಬರು ಪಾಸಾಗಿದ್ದರೆ 86 ದಾಟುತ್ತಿತ್ತು. ಚಿಕ್ಕ ಶಾಲೆಯಲ್ಲಿ ಶೇಕಡಾವಾರು ಏರಿದಾಗ ಬೀಗುವುದೂ ಇಳಿದಾಗ ತಲೆ ತಗ್ಗಿಸುವುದೂ ಇದೇ ಕಾರಣಕ್ಕೆ ಹಾಸ್ಯಾಸ್ಪದ. ತಲೆಗಳನ್ನೇ ಎಣಿಸಿ ಹೇಳಿ.

ಇಲ್ಲಿ ಮೂರು ಕಡೆ ಜಾರುತ್ತಾರೆ. ಒಂದು, ನೋಂದಾಯಿಸಿ ಬರೆಯದ ಇಬ್ಬರು ಲೆಕ್ಕದಿಂದ ಸದ್ದಿಲ್ಲದೆ ಮಾಯವಾಗುತ್ತಾರೆ. 38ಕ್ಕೆ ಹೋಲಿಸಿದರೆ 29 ಎಂದರೆ ಶೇ 76.3 ಮಾತ್ರ. ಮಂಡಳಿ ಬರೆದವರನ್ನೇ ಆಧಾರ ಮಾಡಿಕೊಳ್ಳುತ್ತದೆ, ನೀವೂ ಹಾಗೇ ಮಾಡಿ, ಆದರೆ ಇಬ್ಬರು ಬರೆಯಲಿಲ್ಲ ಎಂದು ಹೇಳಿ. ಎರಡನೆಯದು 2024ರಿಂದ ಬಂದ ಗೊಂದಲ. ವರ್ಷಕ್ಕೆ ಮೂರು ಪರೀಕ್ಷೆ ನಡೆಸುವ ಪದ್ಧತಿ ಆಗ ಶುರುವಾಯಿತು. ನಮ್ಮ ಉದಾಹರಣೆಯ ಏಳು ಮಂದಿಯಲ್ಲಿ ನಾಲ್ವರು ಪರೀಕ್ಷೆ-2ರಲ್ಲಿ, ಒಬ್ಬಳು ಪರೀಕ್ಷೆ-3ರಲ್ಲಿ ಪಾಸಾದರೆ ಒಟ್ಟು 34 ಆಗುತ್ತದೆ, ಶೇ 94.4. ಈ 94ನ್ನು ಹೋದ ವರ್ಷದ ಪರೀಕ್ಷೆ-1ರ 85ರ ಪಕ್ಕ ಇಟ್ಟು ‘ಗಣನೀಯ ಏರಿಕೆ’ ಎಂದು ಓದಿದರೆ ಸಭೆ ಚಪ್ಪಾಳೆ ತಟ್ಟೀತು, ಆದರೆ ಬಿಇಒ ಕಚೇರಿಯಿಂದ ಬಂದವರಿಗೆ ಅದು ತಕ್ಷಣ ಹೊಳೆಯುತ್ತದೆ. ಪರೀಕ್ಷೆ-1ನ್ನು ಪರೀಕ್ಷೆ-1ರ ಜೊತೆಗೇ ಹೋಲಿಸಬೇಕು. ಮೂರನೆಯದು, ನಿಯಮ ಬದಲಾದ ವರ್ಷವನ್ನು ಮರೆಯುವುದು. 2023ರಲ್ಲಿ ಇಡೀ ರಾಜ್ಯದ ಫಲಿತಾಂಶ ಶೇ 83.89 ಇದ್ದದ್ದು 2024ರಲ್ಲಿ 73.40ಕ್ಕೆ ಇಳಿಯಿತು. ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೂ ಅಷ್ಟೇ. ಆ ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದ್ದರು. ಅಂಥ ವರ್ಷವನ್ನು ದಾಟಿ ಐದು ವರ್ಷದ ಗೆರೆ ಎಳೆಯುವುದಾದರೆ ಬದಲಾವಣೆಯನ್ನು ಅದೇ ವಾಕ್ಯದಲ್ಲಿ ಹೇಳಬೇಕು.

ಇಷ್ಟೆಲ್ಲ ಲೆಕ್ಕ ನಿಮ್ಮ ಮೇಜಿನ ಮೇಲೆ. ಸಭೆಗೆ ಹೋಗಬೇಕಾದ್ದು ಇಷ್ಟೇ:

“ಕಳೆದ ವರ್ಷ ನಮ್ಮ ಶಾಲೆಯಿಂದ 38 ಮಕ್ಕಳು ಎಸ್ಸೆಸ್ಸೆಲ್ಸಿಗೆ ನೋಂದಾಯಿಸಿದ್ದರು, ಇಬ್ಬರು ಬರೆಯಲಿಲ್ಲ. ಬರೆದ 36 ಮಂದಿಯಲ್ಲಿ 29 ಮಂದಿ ಮೊದಲ ಪರೀಕ್ಷೆಯಲ್ಲೇ ಪಾಸಾದರು. ಅದರ ಹಿಂದಿನ ವರ್ಷ 41ರಲ್ಲಿ 35 ಮಂದಿ ಪಾಸಾಗಿದ್ದರು, ಅಂದರೆ ನಾವು ಸ್ವಲ್ಪ ಹಿಂದೆ ಬಿದ್ದಿದ್ದೇವೆ. ಉಳಿದ ಏಳು ಮಂದಿಯಲ್ಲಿ ಐವರು ಮುಂದಿನ ಎರಡು ಪರೀಕ್ಷೆಗಳಲ್ಲಿ ಪಾಸಾಗಿದ್ದಾರೆ. ಹೆಚ್ಚಿನವರಿಗೆ ಕೈಕೊಟ್ಟದ್ದು ಗಣಿತ ಒಂದೇ ವಿಷಯ. ಅದಕ್ಕಾಗಿ ಈ ವರ್ಷ ಜುಲೈನಿಂದ ವಾರಕ್ಕೆ ಮೂರು ದಿನ ಸಂಜೆ ಒಂದು ಗಂಟೆ ಗಣಿತದ ತರಗತಿ ನಡೆಯುತ್ತಿದೆ.”

ಐವತ್ತು ಚಿಲ್ಲರೆ ಪದ, ಒಂದು ನಿಮಿಷವೂ ಬೇಕಿಲ್ಲ. ‘ಹಿಂದೆ ಬಿದ್ದಿದ್ದೇವೆ’ ಎಂಬ ಮಾತು ನಿಮ್ಮ ಬಾಯಿಂದಲೇ ಬಂದರೆ ಹಿಂದಿನ ಸಾಲಿನಲ್ಲಿ ಪಿಸುಗುಟ್ಟಲು ಏನೂ ಉಳಿಯುವುದಿಲ್ಲ. ಆದರೆ ಕೊನೆಯ ವಾಕ್ಯ ಇಲ್ಲದಿದ್ದರೆ ಉಳಿದದ್ದನ್ನು ಓದಬೇಡಿ. ಕಾರಣ ಹೇಳಿ ಕ್ರಮ ಹೇಳದಿದ್ದರೆ ಅದು ನೆಪವಾಗುತ್ತದೆ. ಆ ತರಗತಿ ನಿಜಕ್ಕೂ ನಡೆಯುತ್ತಿರಬೇಕೆಂದು ಬೇರೆ ಹೇಳಬೇಕಿಲ್ಲ; ಕೇಳುತ್ತಿರುವವರ ಮಕ್ಕಳೇ ಅದರಲ್ಲಿ ಕೂರುವವರು. ಗರಿಷ್ಠ ಅಂಕ ಪಡೆದವರ ಹೆಸರು ಹೇಳಿ, 625ಕ್ಕೆ ಎಷ್ಟು ಎಂದೂ ಹೇಳಿ. ಪಾಸಾಗದ ಇಬ್ಬರ ಸುಳಿವು ಮಾತ್ರ ಎಲ್ಲಿಯೂ ಬೇಡ, ‘ಗೈರುಹಾಜರಿಯಿಂದ ಹಿಂದುಳಿದವರು’ ಎಂಬಂಥ ಮಾತೂ ಬೇಡ. ಹಳ್ಳಿಯಲ್ಲಿ ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ.

ಸಾಧನೆಗಳ ಭಾಗದಲ್ಲಿ ಮಟ್ಟದ ಪದಗಳನ್ನು ಜೋಪಾನವಾಗಿ ಬಳಸಿ. ತಾಲ್ಲೂಕಿನಲ್ಲಿ ಗೆದ್ದು ‘ಜಿಲ್ಲಾ ಮಟ್ಟಕ್ಕೆ ಆಯ್ಕೆ’ಯಾದವಳನ್ನು ಅವಸರದಲ್ಲಿ ‘ಜಿಲ್ಲಾ ಮಟ್ಟದ ವಿಜೇತೆ’ ಎಂದು ಬರೆಯುವುದು ಬಹಳ ಸಾಮಾನ್ಯ. ಮೂರು ಸಾಧನೆ ಆರಿಸಿ, ಉಳಿದವನ್ನು ಸೂಚನಾಫಲಕಕ್ಕೆ ಬಿಡಿ. ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆ ಪಾಸಾದ ಮಗು ಇದ್ದರೆ ಅದು ಆ ಮೂರರಲ್ಲಿ ಇರಲೇಬೇಕು, ಯಾಕೆಂದರೆ ಪೋಷಕರಿಗೆ ಅದರಿಂದ ಪ್ರಯೋಜನವಿದೆ. ಎಂಟನೇ ತರಗತಿಯಲ್ಲಿ ಬರೆಯುವ ಪರೀಕ್ಷೆ, ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ‘ನಮ್ಮ ಇಬ್ಬರಿಗೆ ಎನ್‌ಎಂಎಂಎಸ್ ಬಂದಿದೆ’ ಎಂದಷ್ಟೇ ಓದಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ನಾಲ್ಕು ವರ್ಷಕ್ಕೆ 48,000’ ಎಂದರೆ ಆದಾಯ ಪ್ರಮಾಣಪತ್ರ ಮಾಡಿಸಲು ಮರುದಿನವೇ ನಾಡಕಚೇರಿಗೆ ಹೋಗುವವರಿದ್ದಾರೆ.

ಬೇಡಿಕೆಗಳಿಗೆ ಬರೋಣ. ಹನ್ನೊಂದು ಬೇಡಿಕೆ ಓದಿದರೆ ಅತಿಥಿಗಳ ಉತ್ತರ ‘ಎಲ್ಲವನ್ನೂ ಪರಿಶೀಲಿಸೋಣ’ ಎಂದಿರುತ್ತದೆ, ಅವರ ತಪ್ಪೂ ಅಲ್ಲ. ಮೂರು ಇಡಿ, ಮೂರಕ್ಕೂ ಬೇರೆ ಬೇರೆ ವಿಳಾಸ ಇರಲಿ: ಸರ್ಕಾರದಿಂದಲೇ ಆಗಬೇಕಾದದ್ದು ಒಂದು, ದಾನಿಗಳಿಂದ ಆಗುವಂಥದ್ದು ಒಂದು, ಪೋಷಕರಿಂದ ದುಡ್ಡಿಲ್ಲದೆ ಆಗುವಂಥದ್ದು ಒಂದು.

ಶಾಸಕರಿಗೆ ಕೊಠಡಿಯೊಂದನ್ನು ಕೇಳುವುದಾದರೆ ವೇದಿಕೆ ಕೊನೆಯ ಹೆಜ್ಜೆಯಾಗಬೇಕು. ಅದಕ್ಕೂ ಮೊದಲು ಎಸ್‌ಡಿಎಂಸಿ ಸಭೆಯ ನಡವಳಿಯಲ್ಲಿ ತೀರ್ಮಾನ ಬರೆದಿರಬೇಕು, ಎಂಜಿನಿಯರರ ಅಂದಾಜುಪಟ್ಟಿ ಇರಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಜಾಗ ಶಾಲೆಯ ಹೆಸರಿನಲ್ಲಿದೆ ಎಂಬ ದಾಖಲೆ ಇರಬೇಕು. ಯಾರೋ ಹಿರಿಯರು ಬಾಯಿಮಾತಿನಲ್ಲಿ ದಾನ ಕೊಟ್ಟ ಜಾಗದ ಮೇಲೆ ನಿಂತ ಶಾಲೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅನುದಾನ ಬಂದ ಮೇಲೆ ಪಹಣಿ ನೋಡಿ ಕೆಲಸ ನಿಲ್ಲುವುದು ಅಲ್ಲಿಯೇ. ಈ ಮೂರೂ ಕಾಗದದ ಜೊತೆ ಒಂದು ಪುಟದ ಮನವಿಯನ್ನು ಕಾರ್ಯಕ್ರಮಕ್ಕೆ ಒಂದು ವಾರ ಮೊದಲೇ ಅವರ ಕಚೇರಿಗೆ ತಲುಪಿಸಿ. ವೇದಿಕೆಯಲ್ಲಿ ಹೇಳುವುದು, ‘ಒಂಬತ್ತನೇ ತರಗತಿಯ ಎರಡು ವಿಭಾಗ ಒಂದೇ ಕೊಠಡಿಯಲ್ಲಿ ಕೂರುತ್ತಿವೆ, ಒಂದು ಕೊಠಡಿಯ ಮನವಿ ತಮ್ಮ ಕಚೇರಿಯಲ್ಲಿದೆ’ ಎಂಬಷ್ಟೇ. ಮುಂಚೆಯೇ ನೋಡಿಕೊಂಡು ಬಂದವರು ಹೌದು ಅಥವಾ ಇಲ್ಲ ಎನ್ನಬಲ್ಲರು. ಸಭೆಯಲ್ಲೇ ಮೊದಲು ಕೇಳಿಸಿಕೊಂಡವರು ‘ನೋಡೋಣ’ ಎನ್ನದೆ ಇನ್ನೇನು ಹೇಳಿಯಾರು?

ದಾನಿಗಳಿಗೆ ಒಟ್ಟು ಮೊತ್ತ ಹೇಳಬೇಡಿ, ಒಂದರ ಬೆಲೆ ಹೇಳಿ. 62 ಮಕ್ಕಳು ನೆಲದ ಮೇಲೆ ಕೂರುತ್ತಿದ್ದಾರೆ, ಮೂವರು ಕೂರುವ ಡೆಸ್ಕ್ 21 ಬೇಕು, ಪಟ್ಟಣದ ಅಂಗಡಿಯ ಕೊಟೇಶನ್ ಒಂದಕ್ಕೆ 4,800 ಎಂದಿಟ್ಟುಕೊಳ್ಳಿ. ‘ಒಂದು ಲಕ್ಷದ ಎಂಟುನೂರು ಬೇಕಾಗಿದೆ’ ಎಂದರೆ ಎಲ್ಲರೂ ಊರಿನ ಸಾಹುಕಾರರ ಕಡೆ ನೋಡುತ್ತಾರೆ. ‘ಒಂದು ಡೆಸ್ಕಿಗೆ 4,800’ ಎಂದರೆ ಹಳೆಯ ವಿದ್ಯಾರ್ಥಿಗಳು ಮೂವರು ಸೇರಿ ಒಂದು ಕೊಡಿಸುತ್ತಾರೆ. ಹಣ ಎಸ್‌ಡಿಎಂಸಿಯ ಜಂಟಿ ಖಾತೆಗೇ ಬರಲಿ, ರಸೀದಿ ಪುಸ್ತಕ ವೇದಿಕೆಯ ಪಕ್ಕದಲ್ಲೇ ಇರಲಿ. ಮೈಕಿನಲ್ಲಿ ಘೋಷಿಸಿದವರ ಹೆಸರು, ಫೋನ್ ನಂಬರನ್ನು ಒಬ್ಬ ಶಿಕ್ಷಕರು ಅಲ್ಲೇ ಬರೆದುಕೊಳ್ಳಬೇಕು. ಆ ರಾತ್ರಿಯ ಉತ್ಸಾಹದಲ್ಲಿ ಹೇಳಿದ ಮಾತುಗಳಲ್ಲಿ ಅರ್ಧದಷ್ಟು ಯಾರೂ ಮರುವಾರ ಫೋನು ಮಾಡದೆ ಹಾಗೇ ಉಳಿಯುತ್ತದೆ. ಪೋಷಕರಿಗೆ ಕೇಳುವುದು ಇದಕ್ಕಿಂತ ಸಣ್ಣದಿರಲಿ. ಜನವರಿಯಿಂದ ಮಾರ್ಚ್‌ವರೆಗೆ ಸಂಜೆ ಏಳರಿಂದ ಒಂಬತ್ತು ಟಿವಿ ಆರಿಸಿ ಎಂದರೆ ಸಾಕು.

ಆದರೆ ಬೇಡಿಕೆಯ ಭಾಗ ಶುರುವಾಗಬೇಕಾದ್ದು ಹೋದ ವರ್ಷದ ಬೇಡಿಕೆಯಿಂದ. ಹಳೆಯ ಕಡತ ತೆಗೆದು ನೋಡಿ, ನಿಮ್ಮ ಹಿಂದಿನವರು ಏನು ಕೇಳಿದ್ದರು, ಏನು ಬಂತು, ಅದು ಈಗ ಎಲ್ಲಿದೆ. ನೀರಿನ ಶುದ್ಧೀಕರಣ ಯಂತ್ರ ಕೊಟ್ಟಿದ್ದವರು ಸಭೆಯಲ್ಲಿ ಕೂತಿದ್ದು, ಯಂತ್ರ ಫಿಲ್ಟರ್ ಬದಲಿಸದೆ ಮೂಲೆಯಲ್ಲಿ ನಿಂತಿದ್ದರೆ, ಹೊಸ ಬೇಡಿಕೆಗೆ ಮುಂಚೆ ಆ ಫಿಲ್ಟರ್ ಹಾಕಿಸಿ.

ಹೆಸರುಗಳನ್ನು ಇಲಾಖೆಯ ವಿದ್ಯಾರ್ಥಿ ದಾಖಲೆಯಾದ ಎಸ್‌ಎಟಿಎಸ್ ಪಟ್ಟಿಯ ಜೊತೆ ತಾಳೆ ನೋಡಿ, ಇನಿಷಿಯಲ್ ಸಮೇತ. ಆಮೇಲೆ ಖಾಲಿ ತರಗತಿಯಲ್ಲಿ ಗಡಿಯಾರ ಇಟ್ಟುಕೊಂಡು ಒಮ್ಮೆ ಗಟ್ಟಿಯಾಗಿ ಓದಿ. ಎಡವಿದ ವಾಕ್ಯವನ್ನು ಎರಡಾಗಿ ಒಡೆಯಿರಿ. ಅತಿಥಿಗಳು ತಡವಾಗಿ ಬಂದು ಕಾರ್ಯಕ್ರಮ ಒಂದು ಗಂಟೆ ಜಗ್ಗುವುದು ನಮ್ಮಲ್ಲಿ ಹೊಸದಲ್ಲವಲ್ಲ. ಆಗ ಬಿಡಬಹುದಾದ ಪ್ಯಾರಾಗಳ ಪಕ್ಕದಲ್ಲಿ ಮೊದಲೇ ಪೆನ್ಸಿಲಿನಲ್ಲಿ ಗೆರೆ ಹಾಕಿಟ್ಟಿರಿ. ಸಾಧನೆಗಳ ಭಾಗದಲ್ಲಿ ಎರಡು ಹೋದರೂ ನಡೆಯುತ್ತದೆ, ಫಲಿತಾಂಶ ಮತ್ತು ಬೇಡಿಕೆಯ ಪಕ್ಕ ಗೆರೆ ಬೀಳದಿರಲಿ.

— ಸಂ.