ಕನ್ನಡ ಸಂಘದ ಅಧ್ಯಕ್ಷ ಸ್ಥಾನ ಬಿಡುವಾಗ ಹಣ, ದಾಖಲೆ ಒಪ್ಪಿಸುವುದು ಹೇಗೆ?

ಪ್ರಶ್ನೆ: ನಮ್ಮ ಬಡಾವಣೆಯ ಕನ್ನಡ ಸಂಘಕ್ಕೆ ನಾನು ಅಧ್ಯಕ್ಷ. ಸಂಘ ಕರ್ನಾಟಕದಲ್ಲೇ ನೋಂದಣಿಯಾಗಿದೆ. ಅವಧಿ ಮುಗಿಯುವ ಮೊದಲೇ ರಾಜೀನಾಮೆ ಕೊಡಬೇಕಾಗಿದೆ. ಹಣ, ಪುಸ್ತಕಗಳನ್ನೆಲ್ಲ ಹೊಸಬರಿಗೆ ಹೇಗೆ ಒಪ್ಪಿಸಲಿ? ನಾಳೆ ಯಾರೂ ನನ್ನತ್ತ ಬೆರಳು ತೋರಿಸಬಾರದು.

ಹಲವು ವರ್ಷ ಒಂದು ಸಂಘದ ಖಜಾಂಚಿಯಾಗಿದ್ದೆ. ಈಗ ಪರಿಚಯದ ಒಂದೆರಡು ಸಂಘಗಳ ಲೆಕ್ಕ ಬರೆದುಕೊಡುತ್ತೇನೆ. ಆ ಅನುಭವದಿಂದ ಹೇಳುತ್ತಿದ್ದೇನೆ.

ರಾಜೀನಾಮೆ ಪತ್ರಕ್ಕಿಂತ ಮೊದಲು ಒಂದು ದಿನಾಂಕ ಗೊತ್ತುಮಾಡಿಕೊಳ್ಳಿ. ಆ ದಿನದ ಸಂಜೆಯವರೆಗಿನ ಲೆಕ್ಕ ನಿಮ್ಮದು, ಮರುದಿನದಿಂದ ಮುಂದಿನವರದು. ಸಾಧ್ಯವಿದ್ದರೆ ತಿಂಗಳ ಕೊನೆಯ ದಿನವನ್ನೇ ಆರಿಸಿಕೊಳ್ಳಿ, ಬ್ಯಾಂಕ್ ಲೆಕ್ಕ ತಾಳೆ ನೋಡುವುದು ಸುಲಭವಾಗುತ್ತದೆ. ರಾಜ್ಯೋತ್ಸವದ ಆಸುಪಾಸಿನಲ್ಲಿ ಮಾತ್ರ ಬೇಡ. ಅಕ್ಟೋಬರ್, ನವೆಂಬರ್‌ನಲ್ಲಿ ಚಂದಾ ಬರುತ್ತಲೇ ಇರುತ್ತದೆ, ಶಾಮಿಯಾನದವರು, ಧ್ವನಿವರ್ಧಕದವರು ಬಿಲ್ ಕೊಟ್ಟಿರುವುದಿಲ್ಲ. ಆಗ ಯಾವ ಖರ್ಚು ಯಾರ ಕಾಲದ್ದು ಎಂದು ಬೇರ್ಪಡಿಸಲು ಹೋದವರು ಜಗಳ ತಂದುಕೊಂಡದ್ದೇ ಹೆಚ್ಚು.

ಪತ್ರ ಚಿಕ್ಕದಾಗಿರಲಿ. ಅದು ಯಾರಿಗೆ ಸಲ್ಲಬೇಕೆಂಬುದು ನಿಮ್ಮ ಬೈಲಾದಲ್ಲಿರುತ್ತದೆ. ಸಾಮಾನ್ಯವಾಗಿ ಕಾರ್ಯಕಾರಿ ಸಮಿತಿಗೆ, ಕಾರ್ಯದರ್ಶಿಯ ಮೂಲಕ. ಅಧ್ಯಕ್ಷ ಸ್ಥಾನಕ್ಕೆ ಮಾತ್ರ ರಾಜೀನಾಮೆಯೋ ಸದಸ್ಯತ್ವಕ್ಕೂ ಸೇರಿಯೋ ಎಂಬುದನ್ನು ಬಿಡಿಸಿ ಬರೆಯಿರಿ. ಬೇಸರದಲ್ಲಿ ‘ಇನ್ನು ಸಂಘಕ್ಕೂ ನನಗೂ ಸಂಬಂಧವಿಲ್ಲ’ ಎಂದು ಬರೆದುಕೊಟ್ಟು, ಮುಂದಿನ ಸರ್ವಸದಸ್ಯರ ಸಭೆಯಲ್ಲಿ ತಮ್ಮದೇ ಲೆಕ್ಕದ ಬಗ್ಗೆ ಮಾತನಾಡಲು ಎದ್ದಾಗ ‘ನೀವು ಸದಸ್ಯರೇ ಅಲ್ಲ’ ಎನಿಸಿಕೊಂಡವರನ್ನು ನೋಡಿದ್ದೇನೆ.

ಸಮಿತಿ ಸಭೆ ಸೇರಿ ನಿರ್ಣಯ ಮಾಡುವವರೆಗೆ ಒಂದು ಕಾಗದವನ್ನೂ ಯಾರ ಕೈಗೂ ಕೊಡಬೇಡಿ. ನಡಾವಳಿ ಪುಸ್ತಕದಲ್ಲಿ ಮೂರು ಸಂಗತಿ ಬರಬೇಕು: ರಾಜೀನಾಮೆ ಇಂಥ ದಿನದಿಂದ ಅಂಗೀಕಾರವಾಗಿದೆ, ಪ್ರಭಾರವನ್ನು ಇಂಥವರು ವಹಿಸಿಕೊಳ್ಳುತ್ತಾರೆ, ಬ್ಯಾಂಕ್ ಖಾತೆಯಲ್ಲಿ ನಿಮ್ಮ ಸಹಿಯ ಬದಲು ಅವರ ಸಹಿ ನಡೆಯುತ್ತದೆ. ಹೊಸ ಅಧ್ಯಕ್ಷರ ಆಯ್ಕೆ ತಡವಾಗುವುದಾದರೆ ಬೈಲಾ ಹೇಳುವಂತೆ ಉಪಾಧ್ಯಕ್ಷರೋ ಇನ್ನೊಬ್ಬರೋ ಪ್ರಭಾರದಲ್ಲಿರಲಿ. ‘ಮುಂದೆ ಅವರೇ ಆಗುತ್ತಾರೆ’ ಎಂದು ಊಹಿಸಿ ಬೀರುವಿನ ಬೀಗದ ಕೈ ಕೊಡುವುದು ಬೇಡ.

ಇನ್ನು ಹಣ. ಬ್ಯಾಂಕ್ ಪಾಸ್‌ಬುಕ್ಕಿನ ಕೊನೆಯ ಸಾಲನ್ನು ತೋರಿಸಿ ‘ಇಷ್ಟಿದೆ, ನೋಡಿಕೊಳ್ಳಿ’ ಎಂದು ಎದ್ದು ಹೋಗುವವರೇ ಹೆಚ್ಚು. ಆ ಸಂಖ್ಯೆ ಸಂಘದ ಹಣ ಎಷ್ಟೆಂದು ಹೇಳುವುದಿಲ್ಲ. ನಾನು ಲೆಕ್ಕ ನೋಡಿದ ಒಂದು ಹಸ್ತಾಂತರದ ರೀತಿಯಲ್ಲೇ ಒಂದು ಉದಾಹರಣೆ ಕೊಡುತ್ತೇನೆ. ಪಾಸ್‌ಬುಕ್ಕಿನಲ್ಲಿ 3,71,150 ರೂಪಾಯಿ, ಸಂಘದ ನಗದು ಪುಸ್ತಕದ ಬ್ಯಾಂಕ್ ಕಾಲಮ್ಮಿನಲ್ಲಿ 3,42,768 ರೂಪಾಯಿ ಇದೆ ಎಂದುಕೊಳ್ಳಿ. ಪಾಸ್‌ಬುಕ್ಕನ್ನೇ ನಂಬಿ ವಹಿಸಿಕೊಂಡವರು ಇಪ್ಪತ್ತೆಂಟು ಸಾವಿರ ಹೆಚ್ಚೇ ಇದೆಯೆಂದು ಖುಷಿಪಡುತ್ತಾರೆ. ಆದರೆ ಶಾಮಿಯಾನದವರಿಗೆ ಕೊಟ್ಟ 25,000 ರೂಪಾಯಿಯ ಚೆಕ್ಕೂ ಬಹುಮಾನದ ಪುಸ್ತಕಗಳಿಗೆ ಕೊಟ್ಟ 6,000 ರೂಪಾಯಿಯ ಚೆಕ್ಕೂ ಇನ್ನೂ ಬ್ಯಾಂಕಿಗೆ ಬಂದಿಲ್ಲ. ಅವನ್ನು ಕಳೆದರೆ ಉಳಿಯುವುದು 3,40,150. ಅಂದರೆ ನಗದು ಪುಸ್ತಕವೇ ಈಗ 2,618 ರೂಪಾಯಿ ಹೆಚ್ಚು ತೋರಿಸುತ್ತಿದೆ.

ಈ 2,618ನ್ನು ‘ಸಣ್ಣ ವ್ಯತ್ಯಾಸ’ ಎಂದು ಬಿಟ್ಟರೆ ಅದು ಮುಂದೆ ನಿಮ್ಮ ಹೆಸರಿಗೇ ಅಂಟಿಕೊಳ್ಳುತ್ತದೆ. ಅದನ್ನು 2,500 ಮತ್ತು 118 ಎಂದು ಒಡೆದು ನೋಡಿ. 118 ಎಂದರೆ ನೂರು ರೂಪಾಯಿ ಶುಲ್ಕ, ಅದರ ಮೇಲೆ ಶೇ. 18ರ ಜಿಎಸ್‌ಟಿ. ಬ್ಯಾಂಕ್ ಏನೋ ಶುಲ್ಕ ಹಾಕಿದೆ ಎಂಬ ಸುಳಿವು ಅಲ್ಲೇ ಇದೆ. ಪಾಸ್‌ಬುಕ್ಕಿನ ಪುಟ ತಿರುವಿದರೆ ಸಿಕ್ಕಿತು: ದಾನಿಯೊಬ್ಬರ 2,500 ರೂಪಾಯಿಯ ಚೆಕ್ ಹಣವಿಲ್ಲದೆ ಮರಳಿದೆ, ಅದಕ್ಕೆ 118 ರೂಪಾಯಿ ದಂಡ. ರಸೀದಿ ಮಾತ್ರ ಆವತ್ತೇ ಹರಿದು ಕೊಟ್ಟಾಗಿದೆ, ಪುಸ್ತಕದಲ್ಲಿ ಜಮೆಯೂ ಆಗಿದೆ. ಜಮೆಯನ್ನು ತೆಗೆದು, ಶುಲ್ಕವನ್ನು ಖರ್ಚಿಗೆ ಹಾಕಿ, ಆ ರಸೀದಿಯ ಪ್ರತಿಯ ಮೇಲೆ ‘ಚೆಕ್ ಮರಳಿದೆ’ ಎಂದು ದಿನಾಂಕ ಸಮೇತ ಬರೆದ ಮೇಲೆ ಎರಡೂ ಕಡೆ 3,40,150ಕ್ಕೆ ನಿಲ್ಲುತ್ತದೆ. ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದದ್ದೇ ಬ್ಯಾಂಕ್ ಹೊಂದಾಣಿಕೆ ತಖ್ತೆ. ಅದರಲ್ಲಿ ಬಾಕಿ ಚೆಕ್ಕುಗಳ ಸಂಖ್ಯೆ, ದಿನಾಂಕ ಇರಲಿ. ಚೆಕ್ಕಿನ ಆಯುಸ್ಸು ದಿನಾಂಕದಿಂದ ಮೂರು ತಿಂಗಳು ಮಾತ್ರ. ಅದು ಕಳೆದುಹೋಗಿದ್ದರೆ ಪಡೆದವರನ್ನು ಕೇಳಿ ಇತ್ಯರ್ಥ ಮಾಡಿ, ಹೊಸಬರ ತಲೆಗೆ ಕಟ್ಟಬೇಡಿ.

ಕೈಯಲ್ಲಿರುವ ನಗದಿನ ಕಥೆಯೇ ಬೇರೆ. ಪುಸ್ತಕದಲ್ಲಿ 18,400 ಇರುತ್ತದೆ, ಪೆಟ್ಟಿಗೆ ತೆರೆದರೆ 6,400 ರೂಪಾಯಿ ಮತ್ತು ಒಂದು ಚೀಟಿ: ‘ನಾಟಕದ ಖರ್ಚಿಗೆ 12,000 ಪಡೆದಿದ್ದೇನೆ’. ಕೆಳಗೆ ಸಹಿಯಿದೆ, ದಿನಾಂಕವಿಲ್ಲ. ಚೀಟಿ ನಗದಲ್ಲ, ಅದು ಮುಂಗಡ. ಪಡೆದವರಿಂದ ಬಿಲ್ಲುಗಳನ್ನೋ ಉಳಿದ ಹಣವನ್ನೋ ತರಿಸಿಕೊಂಡು ವೋಚರ್ ಮಾಡಿ. ಆಗದಿದ್ದರೆ ಅವರ ಹೆಸರಿನಲ್ಲೇ ‘ಬರಬೇಕಾದ ಮುಂಗಡ’ ಎಂದು ಪಟ್ಟಿಯಲ್ಲಿ ತೋರಿಸಿ. ಸ್ನೇಹಿತರೆಂದು ಮರೆಮಾಚಿದರೆ ಆ ಹನ್ನೆರಡು ಸಾವಿರ ನಿಮ್ಮ ಜೇಬಿನಲ್ಲಿದೆ ಎಂದೇ ಓದುವವರು ಅರ್ಥಮಾಡಿಕೊಳ್ಳುತ್ತಾರೆ. ಉಳಿದ ನಗದನ್ನು ಹಸ್ತಾಂತರದ ಮುನ್ನಾದಿನ ಖಾತೆಗೆ ಕಟ್ಟಿ ಚಲನ್ ಇಟ್ಟುಕೊಳ್ಳಿ, ನೋಟು ಎಣಿಸಿಕೊಡುವ ಗೋಜೇ ಇರುವುದಿಲ್ಲ.

ಈಚೆಗೆ ಶುರುವಾದ ಇನ್ನೊಂದು ತಲೆನೋವು ಕ್ಯೂಆರ್ ಕೋಡ್. ಸಂಘದ ಖಾತೆಗೆ ಯುಪಿಐ ಮಾಡಿಸುವ ಓಡಾಟ ಯಾರಿಗೆ ಬೇಕು ಎಂದು ಅಧ್ಯಕ್ಷರದ್ದೋ ಖಜಾಂಚಿಯದ್ದೋ ಸ್ವಂತ ಖಾತೆಯ ಕೋಡನ್ನೇ ಆಹ್ವಾನ ಪತ್ರಿಕೆಯಲ್ಲಿ ಮುದ್ರಿಸಿರುತ್ತಾರೆ. ನಿಮ್ಮಲ್ಲೂ ಹಾಗಾಗಿದ್ದರೆ ನಿಮ್ಮ ಖಾತೆಗೆ ಬಂದ ಚಂದಾ ಅಷ್ಟನ್ನೂ ಪಟ್ಟಿಮಾಡಿ, ರಸೀದಿ ಸಂಖ್ಯೆಯೊಂದಿಗೆ ತಾಳೆ ನೋಡಿ, ಸಂಘದ ಖಾತೆಗೆ ವರ್ಗಾಯಿಸಿ. ಆ ಸಾಲುಗಳಿರುವ ಬ್ಯಾಂಕ್ ಪಟ್ಟಿಯ ಪ್ರತಿಯನ್ನು ಕಡತಕ್ಕೆ ಸೇರಿಸಿ. ಫ್ಲೆಕ್ಸ್, ವಾಟ್ಸ್‌ಆಪ್ ಗುಂಪುಗಳಲ್ಲಿ ಆ ಕೋಡ್ ಉಳಿದಿರುತ್ತದೆ, ಹೀಗಾಗಿ ನೀವು ಬಿಟ್ಟ ಮೇಲೂ ಐನೂರು, ಸಾವಿರ ಬರುತ್ತಲೇ ಇರಬಹುದು. ‘ಈ ಕೋಡಿಗೆ ಇನ್ನು ಹಣ ಹಾಕಬೇಡಿ’ ಎಂದು ಬರಹದಲ್ಲಿ ತಿಳಿಸಿ.

ನಿಶ್ಚಿತ ಠೇವಣಿಯಿದ್ದರೆ ರಸೀದಿಯನ್ನು ತೆರೆದು ಹೆಸರು ಓದಿ. ಹಳೆಯ ಸಂಘಗಳಲ್ಲಿ ಠೇವಣಿ ಅಧ್ಯಕ್ಷ, ಖಜಾಂಚಿಯರ ವೈಯಕ್ತಿಕ ಹೆಸರಿನಲ್ಲಿ ಇರುವುದುಂಟು. ಅಂಥದ್ದು ಸಹಿ ಬದಲಾವಣೆಯಿಂದ ಸರಿಹೋಗುವುದಿಲ್ಲ. ನೀವಿರುವಾಗಲೇ ಬ್ಯಾಂಕಿನವರನ್ನು ಕೇಳಿ ಅದನ್ನು ಸಂಘದ ಹೆಸರಿಗೆ ತಂದುಬಿಡಿ.

ಬ್ಯಾಂಕಿಗೆ ನಿರ್ಣಯದ ದೃಢೀಕೃತ ಪ್ರತಿ, ಹೊಸಬರ ಗುರುತಿನ ದಾಖಲೆ, ಮಾದರಿ ಸಹಿ ಹೋಗಬೇಕು. ಅವರು ಬದಲಾಯಿಸುವವರೆಗೆ ನಿಮ್ಮ ಸಹಿ ಅಲ್ಲಿ ನಡೆಯುತ್ತಲೇ ಇರುತ್ತದೆ ಎಂಬುದು ನೆನಪಿರಲಿ. ಆದ್ದರಿಂದ ‘ಒಂದೆರಡು ಚೆಕ್ಕಿಗೆ ಸಹಿ ಹಾಕಿಟ್ಟು ಹೋಗಿ, ತುರ್ತಿಗೆ ಬೇಕಾಗುತ್ತದೆ’ ಎಂದು ಯಾರು ಎಷ್ಟು ಪ್ರೀತಿಯಿಂದ ಕೇಳಿದರೂ ಹಾಕಬೇಡಿ. ಈಗಾಗಲೇ ಸಹಿಯಾದ ಖಾಲಿ ಚೆಕ್ಕುಗಳಿದ್ದರೆ ಅಡ್ಡಗೆರೆ ಎಳೆದು ‘ರದ್ದು’ ಎಂದು ಬರೆದು ಪುಸ್ತಕದಲ್ಲೇ ಇಡಿ. ಒಟಿಪಿ ಬರುವ ಮೊಬೈಲ್ ಸಂಖ್ಯೆ ನಿಮ್ಮದಾಗಿದ್ದರೆ ಅದನ್ನೂ ಅದೇ ಅರ್ಜಿಯಲ್ಲಿ ಬದಲಾಯಿಸಲು ಕೇಳಿ. ಸಂಘದ ಪ್ಯಾನ್ ಬದಲಾಗುವುದಿಲ್ಲ, ಆದರೆ ಆದಾಯ ತೆರಿಗೆ ಜಾಲತಾಣದಲ್ಲಿ ಸಂಪರ್ಕ ವ್ಯಕ್ತಿಯಾಗಿ ನಿಮ್ಮ ಹೆಸರು, ಸಂಖ್ಯೆ ಇರುತ್ತದೆ. ಅದನ್ನು ಮರೆತವರಿಗೆ ವರ್ಷಗಳ ಮೇಲೂ ನೋಟಿಸಿನ ಸಂದೇಶ ಬರುತ್ತದೆ.

ದಾಖಲೆಗಳಲ್ಲಿ ನೋಂದಣಿ ಪ್ರಮಾಣಪತ್ರ, ಬೈಲಾ, ಸದಸ್ಯರ ಪಟ್ಟಿ, ವೋಚರ್ ಕಡತ, ಲೆಕ್ಕ ಪರಿಶೋಧನಾ ವರದಿ, ಸಾಮಾನುಗಳ ದಾಸ್ತಾನು ಪುಸ್ತಕ ಇವೆಲ್ಲ ಕೇಳಿದರೆ ಸಿಗುತ್ತವೆ. ಗೊಂದಲ ಮಾಡುವುದು ರಸೀದಿ ಪುಸ್ತಕಗಳು. ಮುದ್ರಿಸಿದ ಪುಸ್ತಕಗಳು ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗಿವೆ, ಯಾವುದು ಮುಗಿದಿದೆ, ಯಾವುದು ಯಾವ ಸದಸ್ಯರ ಮನೆಯಲ್ಲಿದೆ ಎಂದು ಬರೆದಿಡಿ. ಹೊರಗಿರುವ ಅರ್ಧ ಪುಸ್ತಕದಲ್ಲಿ ನೀವು ಹೋದ ಮೇಲೂ ಚಂದಾ ಎತ್ತಬಹುದು, ರಸೀದಿಯ ಮೇಲೆ ನಿಮ್ಮ ಮುದ್ರಿತ ಸಹಿಯೇ ಇರಬಹುದು. ವಾಪಸ್ ಬಾರದ ಪುಸ್ತಕದ ಸಂಖ್ಯೆಗಳನ್ನು ಸಭೆಯಲ್ಲೇ ರದ್ದುಗೊಳಿಸಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿಂದ ಧನಸಹಾಯ ಪಡೆದಿದ್ದರೆ ಹಣ ಬಳಕೆ ಪ್ರಮಾಣಪತ್ರ ಸಲ್ಲಿಕೆಯಾಗಿದೆಯೇ, ಬಾಕಿಯೇ ಎಂಬುದೂ ಬರಹದಲ್ಲಿರಲಿ. ನಡಾವಳಿ ಪುಸ್ತಕದಲ್ಲಿ ಸಹಿಯಾಗದ ಹಳೆಯ ಸಭೆಗಳಿದ್ದರೆ ಈಗ ಕುಳಿತು ಹಿಂದಿನ ದಿನಾಂಕ ಹಾಕಬೇಡಿ. ಮುಂದಿನ ಸಭೆಯಲ್ಲಿ ಓದಿಸಿ ದೃಢಪಡಿಸಿಕೊಳ್ಳಲಿ. ಖಾಲಿ ಜಾಗಗಳಿಗೆ ಗೆರೆ ಎಳೆಯಿರಿ, ಸಾಕು.

ಇದೆಲ್ಲ ಸೇರಿದ ಪ್ರಭಾರ ಪಟ್ಟಿ ಎರಡು ಪ್ರತಿಯಲ್ಲಿರಲಿ, ಪ್ರತಿ ಪುಟಕ್ಕೂ ಕೊಟ್ಟವರ, ಪಡೆದವರ ಸಹಿ, ಕೊನೆಯಲ್ಲಿ ಸಮಿತಿಯ ಇಬ್ಬರು ಸಾಕ್ಷಿಗಳು. ‘ಎಲ್ಲವೂ ಸರಿಯಾಗಿದೆ’ ಎಂಬ ಒಂದು ಸಾಲಿನ ಪತ್ರ ಅದರ ಬದಲಿಗೆ ಆಗದು. ಮುಖ್ಯ ಪುಟಗಳ ಜೆರಾಕ್ಸ್ ನಿಮ್ಮಲ್ಲಿರಲಿ, ಮೂಲ ಮಾತ್ರ ಒಂದೂ ಮನೆಯಲ್ಲಿ ಉಳಿಯಬಾರದು. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಂತೆ ಪ್ರತಿವರ್ಷ ಸಮಿತಿಯ ಪಟ್ಟಿ ಮತ್ತು ಪರಿಶೋಧಿತ ಲೆಕ್ಕ ಜಿಲ್ಲಾ ನೋಂದಣಾಧಿಕಾರಿಗೆ ಹೋಗಬೇಕು. ಮುಂದಿನ ಪಟ್ಟಿ ಹೋಗುವವರೆಗೆ ಅಲ್ಲಿ ಅಧ್ಯಕ್ಷರು ನೀವೇ. ಹಾಗಾಗಿ ರಾಜೀನಾಮೆ ಮತ್ತು ನಿರ್ಣಯದ ಪ್ರತಿಯನ್ನು ಅಲ್ಲಿಗೆ ನೀವೇ ಸಲ್ಲಿಸಿ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ವಹಿಸಿಕೊಳ್ಳುವವರು ಸಹಿ ಹಾಕಲು ಹಿಂದೇಟು ಹಾಕಿದರೆ ಯಾವ ಬಾಬ್ತಿಗೆ ಆಕ್ಷೇಪ ಎಂದು ಅದೇ ಪಟ್ಟಿಯಲ್ಲಿ ಬರೆದು ಸಹಿ ಮಾಡಲಿ, ಆಕ್ಷೇಪವಿರುವ ಸಹಿಯೂ ನಿಮಗೆ ಸಾಕು. ಅದಕ್ಕೂ ಒಪ್ಪದಿದ್ದರೆ ಸಮಿತಿ ಸಭೆಯಲ್ಲಿಟ್ಟು ನಡಾವಳಿಯಲ್ಲಿ ದಾಖಲಿಸಿ. ಸಂಘ ಎರಡು ಬಣವಾಗಿ ಇಬ್ಬರೂ ‘ನಾನೇ ಅಧ್ಯಕ್ಷ’ ಎನ್ನುತ್ತಿದ್ದರೆ ಇಬ್ಬರಿಗೂ ಕೊಡಬೇಡಿ: ಪಟ್ಟಿಯ ಪ್ರತಿಯೊಂದಿಗೆ ನೋಂದಣಾಧಿಕಾರಿಗೆ ಪತ್ರ ಬರೆದು ಯಾರಿಗೆ ಒಪ್ಪಿಸಬೇಕೆಂದು ಕೇಳಿ, ಖಾತೆಯಲ್ಲಿ ವಿವಾದವಿದೆ ಎಂದು ಬ್ಯಾಂಕಿಗೂ ಅಂದೇ ತಿಳಿಸಿ.