ಪಾಯ್ಸನ್ ಅನುಪಾತ 0.55 ಬಂದರೆ ತಪ್ಪು ಎಲ್ಲಿದೆ?

ಪ್ರಶ್ನೆ: ಪ್ರಯೋಗಾಲಯದಲ್ಲಿ 25 ಮಿ.ಮೀ. ವ್ಯಾಸದ ಮೃದು ಉಕ್ಕಿನ ಸರಳಿಗೆ ಎಕ್ಸ್‌ಟೆನ್ಸೋಮೀಟರ್ ಕಟ್ಟಿ 60 ಕಿಲೋನ್ಯೂಟನ್‌ವರೆಗೆ ಎಳೆದೆ. ಯಂಗ್ ಮಾಡ್ಯುಲಸ್ E 205 ಗಿಗಾಪಾಸ್ಕಲ್ ಬಂತು. ಅದೇ ಉಕ್ಕಿನಿಂದ ಕಡೆದ 10 ಮಿ.ಮೀ. ವ್ಯಾಸದ ತುಂಡನ್ನು ತಿರುಚುವ ಯಂತ್ರಕ್ಕೆ ಹಾಕಿದೆ. ದವಡೆಗಳ ನಡುವೆ 250 ಮಿ.ಮೀ. ಉದ್ದವಿತ್ತು. 20 ನ್ಯೂಟನ್-ಮೀಟರ್ ಟಾರ್ಕ್‌ಗೆ ಯಂತ್ರದ ಡಯಲ್ 4.42 ಡಿಗ್ರಿ ತೋರಿಸಿತು. ಅದರಿಂದ ಶಿಯರ್ ಮಾಡ್ಯುಲಸ್ G 66 ಗಿಗಾಪಾಸ್ಕಲ್, E = 2G(1 + ν) ಸೂತ್ರದಿಂದ ಪಾಯ್ಸನ್ ಅನುಪಾತ ν 0.55! ಪುಸ್ತಕದಲ್ಲಿ 0.3 ಎಂದಿದೆ. ಸರಳಿನ ವ್ಯಾಸ ಎಷ್ಟು ಕುಗ್ಗಿತೆಂದು ಸ್ಕ್ರೂ ಗೇಜಿನಲ್ಲಿ ನೇರವಾಗಿ ನೋಡಿದರೆ ಏನೂ ಬದಲಾಗಿರಲಿಲ್ಲ. ಸೂತ್ರ ನನ್ನ ಉಕ್ಕಿಗೆ ಹೊಂದುವುದಿಲ್ಲವೇ, ಅಳತೆಯೇ ತಪ್ಪೇ?

ಉತ್ತರ: ಸೂತ್ರ ಸರಿಯಾಗಿದೆ, ನಿಮ್ಮ E ಕೂಡ ನಂಬುವಂತಿದೆ. ಕೆಟ್ಟಿರುವುದು G. ಇದನ್ನು ಪುಸ್ತಕದ 0.3 ನೋಡಿ ಹೇಳುತ್ತಿಲ್ಲ. ನಿಮ್ಮ ಎರಡು ಅಂಕಿಗಳೇ ಜೊತೆಗೂಡಿ ಇದನ್ನು ಹೇಳುತ್ತಿವೆ.

ಸರಳನ್ನು ಎಳೆದಾಗ ಉದ್ದದ ದಿಕ್ಕಿನ ಸ್ಟ್ರೇನ್ ε ಎಂದುಕೊಳ್ಳಿ. ಅಡ್ಡಲಾಗಿ ಎರಡು ದಿಕ್ಕುಗಳಿವೆ. ಎರಡರಲ್ಲೂ ಸರಳು νε ಅಷ್ಟು ಕುಗ್ಗುತ್ತದೆ. ಆದ್ದರಿಂದ ಪರಿಮಾಣದ ನಿವ್ವಳ ಹೆಚ್ಚಳ ε(1 − 2ν). ν 0.3 ಆಗಿದ್ದರೆ ಎಳೆದ ಸರಳಿನ ಪರಿಮಾಣ ತುಸು ಹಿಗ್ಗುತ್ತದೆ. 0.5 ಆದರೆ ಬದಲಾಗುವುದೇ ಇಲ್ಲ. ರಬ್ಬರ್ ಹೆಚ್ಚುಕಡಿಮೆ ಹಾಗೆಯೇ ನಡೆದುಕೊಳ್ಳುತ್ತದೆ. 0.5 ಮೀರಿತೆಂದರೆ ಎಳೆದಾಗ ಪರಿಮಾಣ ಇಳಿಯಬೇಕು, ಸುತ್ತಲೂ ಒತ್ತಿದಾಗ ಉಬ್ಬಬೇಕು. ಸುತ್ತಲೂ ಒತ್ತಿದಾಗ ಪರಿಮಾಣ ಎಷ್ಟು ತಡೆಯುತ್ತದೆಂದು ಹೇಳುವ ಬಲ್ಕ್ ಮಾಡ್ಯುಲಸ್ K ಯ ಸೂತ್ರಕ್ಕೆ ನಿಮ್ಮ ಅಂಕಿಗಳನ್ನು ಹಾಕಿ ನೋಡಿ:

```
K = EG / [3(3G − E)]
  = 205 × 66 / [3(198 − 205)]
  ≈ −644 GPa
```

ನೀರಿನಲ್ಲಿ ಆಳಕ್ಕೆ ಇಳಿಸಿದಷ್ಟೂ ಉಬ್ಬುವ ಉಕ್ಕು ಇದು. ಅಂಥ ವಸ್ತು ಒತ್ತುವ ಕೈಗೇ ಶಕ್ತಿ ಕೊಡುತ್ತಾ ತನ್ನಷ್ಟಕ್ಕೆ ಉಬ್ಬುತ್ತಲೇ ಹೋಗಬೇಕು, ಸ್ಥಿರವಾಗಿ ನಿಲ್ಲಲಾರದು. ಛೇದದಲ್ಲಿರುವ 3G − E ಅನ್ನು ಗಮನಿಸಿ. ಅದು ಧನವಾಗಿರಬೇಕಾದರೆ G ಯು E ಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿರಲೇಬೇಕು. 205ರ ಮೂರನೇ ಒಂದು ಭಾಗ 68.3. ನಿಮಗೆ 66 ಬಂದ ಕ್ಷಣವೇ, ν ಲೆಕ್ಕ ಹಾಕುವ ಮೊದಲೇ, ಅಳತೆಯನ್ನು ಅನುಮಾನಿಸಬಹುದಿತ್ತು.

ಸೂತ್ರದ ಮೇಲಿನ ಸಂಶಯವನ್ನೂ ಬಗೆಹರಿಸಿಕೊಳ್ಳೋಣ, ಏಕೆಂದರೆ ಅಡ್ಡ ಕುಗ್ಗುವಿಕೆಯು ತಿರುಚುವ ಪ್ರಯೋಗದೊಳಗೆ ಹೇಗೆ ಬಂತು ಎಂಬುದು ಅಲ್ಲಿಯೇ ಕಾಣುತ್ತದೆ. ತಿರುಚಿದ ಸರಳಿನ ಮೇಲ್ಮೈಯಲ್ಲಿ ಒಂದು ಪುಟ್ಟ ಚೌಕ ಬರೆದಿದ್ದೀರಿ ಎನ್ನಿ. ಶಿಯರ್ ಸ್ಟ್ರೆಸ್ τ ಬಿದ್ದಾಗ ಚೌಕ ವಾಲುತ್ತದೆ, ಅದರ ಒಂದು ಕರ್ಣ ಉದ್ದವಾಗುತ್ತದೆ, ಇನ್ನೊಂದು ಗಿಡ್ಡವಾಗುತ್ತದೆ. ಕರ್ಣಗಳ ದಿಕ್ಕಿನಲ್ಲಿ ನೋಡಿದರೆ ಇದೇ ಸ್ಥಿತಿ ಒಂದು ಕಡೆ τ ಅಷ್ಟು ಎಳೆತ, ಅದಕ್ಕೆ ಅಡ್ಡಲಾಗಿ τ ಅಷ್ಟು ಒತ್ತಡ. ಉದ್ದವಾಗುವ ಕರ್ಣಕ್ಕೆ ಸ್ವಂತ ಎಳೆತದಿಂದ τ/E ಸ್ಟ್ರೇನ್ ಸಿಗುತ್ತದೆ. ಅಡ್ಡ ಒತ್ತಡವು ವಸ್ತುವನ್ನು ಈ ದಿಕ್ಕಿಗೆ ಹಿಗ್ಗಿಸುವುದರಿಂದ ಇನ್ನೊಂದು ντ/E ಸೇರುತ್ತದೆ. ಒಟ್ಟು τ(1 + ν)/E. ರೇಖಾಗಣಿತದ ಪ್ರಕಾರ ಕರ್ಣದ ಸ್ಟ್ರೇನ್ ವಾಲಿದ ಕೋನದ ಅರ್ಧ, ಅಂದರೆ τ/2G. ಎರಡನ್ನೂ ಸಮ ಮಾಡಿದರೆ E = 2G(1 + ν) ಎದ್ದು ಬರುತ್ತದೆ. ಮೂರೂ ಕಡೆಯಿಂದ ಸಮನಾಗಿ ಒತ್ತಿ ಇದೇ ರೀತಿ ಕೂಡಿದರೆ E = 3K(1 − 2ν). ಎರಡರಿಂದಲೂ ν ಅನ್ನು ತೆಗೆದುಹಾಕಿದರೆ ಉಳಿಯುವುದು E = 9KG/(3K + G). ಇಲ್ಲಿ ನಾವು ಊಹಿಸಿಕೊಂಡದ್ದು ಎರಡೇ: ವಸ್ತು ಎಲ್ಲ ದಿಕ್ಕಿಗೂ ಒಂದೇ ಗುಣದ್ದು, ಸ್ಟ್ರೇನ್ ಸ್ಟ್ರೆಸ್‌ಗೆ ಅನುಪಾತದಲ್ಲಿದೆ. ಮರದ ತುಂಡಿಗೆ ಮೊದಲನೆಯದು ಸಲ್ಲದು. ಮೃದು ಉಕ್ಕಿಗೆ, ಯೀಲ್ಡ್ ಆಗುವ ಮೊದಲು, ಎರಡೂ ಚೆನ್ನಾಗಿ ಸಲ್ಲುತ್ತವೆ.

ಫ್ರಾನ್ಸಿನ ಗಣಿತಜ್ಞ ಪಾಯ್ಸನ್ ತನ್ನ ಅಣು ಸಿದ್ಧಾಂತದಿಂದ ಈ ಅನುಪಾತ ಎಲ್ಲ ವಸ್ತುಗಳಿಗೂ 1/4 ಎಂದು ಕಂಡುಕೊಂಡಿದ್ದ. ಅದು ನಿಜವಾಗಿದ್ದರೆ E ಒಂದನ್ನು ಅಳೆದರೆ ಸಾಕಿತ್ತು. ಆದರೆ ಉಕ್ಕು 0.3ರ ಬಳಿ, ರಬ್ಬರ್ 0.5ರ ಬಳಿ, ಬೂಚಿನ ಮರದ ತೊಗಟೆ ಸೊನ್ನೆಯ ಬಳಿ ನಿಲ್ಲುತ್ತವೆ. ಹಾಗಾಗಿಯೇ ಎರಡು ಸ್ವತಂತ್ರ ಅಳತೆಗಳು ಬೇಕು, ಮತ್ತು ಹಾಗಾಗಿಯೇ ಅವುಗಳಲ್ಲಿ ಒಂದು ಕೆಟ್ಟರೂ ಉಳಿದದ್ದೆಲ್ಲ ಕೆಡುತ್ತದೆ.

ಈಗ ನಿಮ್ಮ ತಿರುಚುವ ಯಂತ್ರಕ್ಕೆ ಬರೋಣ. ν 0.3 ಆಗುವಂತೆ G 79 ಗಿಗಾಪಾಸ್ಕಲ್ ಇದ್ದಿದ್ದರೆ ನಿಮ್ಮ ತುಂಡು 3.69 ಡಿಗ್ರಿ ತಿರುಚಬೇಕಿತ್ತು. ಡಯಲ್ ಅದಕ್ಕಿಂತ 0.73 ಡಿಗ್ರಿ ಹೆಚ್ಚು ತೋರಿಸಿದೆ. ಡಯಲ್ ಇರುವುದು ಯಂತ್ರದ ತಲೆಯ ಮೇಲೆ. ಅದು ಸರಳಿನ ತಿರುಚುವಿಕೆಯ ಜೊತೆಗೆ ದವಡೆಯೊಳಗಿನ ಜಾರುವಿಕೆ, ಚಕ್ಕಿನ ಸಡಿಲ, ಯಂತ್ರದ ಶಾಫ್ಟ್ ತಾನೇ ತಿರುಚಿಕೊಂಡದ್ದು ಎಲ್ಲವನ್ನೂ ಒಟ್ಟಿಗೆ ಎಣಿಸುತ್ತದೆ. 10 ಮಿ.ಮೀ. ಸರಳಿನ ಮೇಲ್ಮೈಯಲ್ಲಿ 0.73 ಡಿಗ್ರಿ ಎಂದರೆ 0.06 ಮಿ.ಮೀ. ಮಾತ್ರ. ದವಡೆಯ ಹಲ್ಲು ಉಕ್ಕಿಗೆ ಕಚ್ಚಿಕೊಳ್ಳುವಾಗ ಅಷ್ಟು ಸರಿಯುವುದು ಏನೇನೂ ದೊಡ್ಡದಲ್ಲ, ಕಣ್ಣಿಗೆ ಅದು ಕಾಣುವುದೂ ಇಲ್ಲ.

ಕಾಣದ್ದನ್ನು ಹಿಡಿಯಲು ಸುಲಭವಾದ ದಾರಿಯೊಂದಿದೆ: ಅದೇ ಸರಳನ್ನು ಎರಡು ಬೇರೆ ಉದ್ದಗಳಲ್ಲಿ ಹಿಡಿದು ಅಳೆಯಿರಿ. ಎರಡು ಸಲವೂ ಸರಳನ್ನು ಒಂದೇ ರೀತಿ ಬಿಗಿಮಾಡಿ, ಒಂದೇ ರೀತಿ ಎಣಿಕೆ ಶುರುಮಾಡಿ. ದವಡೆಗಳ ನಡುವೆ 250 ಮಿ.ಮೀ. ಬದಲು 150 ಮಿ.ಮೀ. ಬಿಟ್ಟು ಮತ್ತೆ 20 ನ್ಯೂಟನ್-ಮೀಟರ್ ಕೊಡಿ. ತಪ್ಪು ತುದಿಗಳಲ್ಲಿಯೇ ಇದ್ದರೆ, ಅದೇ ಟಾರ್ಕ್‌ಗೆ ಅದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆಗ ಡಯಲ್ ಸುಮಾರು 2.94 ಡಿಗ್ರಿ ತೋರಿಸಬೇಕು. ಆ ಒಂದು ಅಂಕಿಯಿಂದಲೇ G ಲೆಕ್ಕ ಹಾಕಿದರೆ 60ರ ಹತ್ತಿರ ಬರುತ್ತದೆ. ಉಕ್ಕಿಗೆ ತಾನು ಎಷ್ಟು ಉದ್ದವಿದ್ದೇನೆಂಬ ಅರಿವಿಲ್ಲ. ಉದ್ದ ಕಡಿಮೆಯಾದಂತೆ G ಇಳಿಯುತ್ತಿದೆ ಎಂದರೆ ತಪ್ಪು ತುದಿಯಲ್ಲಿದೆ ಎಂದೇ ಅರ್ಥ. ಇನ್ನು ಎರಡು ಅಳತೆಗಳ ವ್ಯತ್ಯಾಸ ತೆಗೆಯಿರಿ. ತುದಿಗಳ ಪಾಲು ಎರಡರಲ್ಲೂ ಒಂದೇ ಆದ್ದರಿಂದ ಹೊರಟುಹೋಗುತ್ತದೆ, ನಡುವಿನ 100 ಮಿ.ಮೀ. ಉಕ್ಕಿನ ತಿರುಚುವಿಕೆ ಮಾತ್ರ ಉಳಿಯುತ್ತದೆ:

```
θ = 4.42° − 2.94° = 1.48° = 0.0258 rad
J = πd⁴/32 = 982 mm⁴
G = TL/(Jθ) = 20000 × 100 / (982 × 0.0258)
  ≈ 79000 N/mm² = 79 GPa
ν = 205/(2 × 79) − 1 ≈ 0.30
```

ಈ ಪರೀಕ್ಷೆಯಲ್ಲಿ ಎರಡು ಉದ್ದಕ್ಕೂ ಒಂದೇ G ಬಂದು, ಅದು ಆಗಲೂ 66 ಆಗಿದ್ದರೆ ವ್ಯಾಸವನ್ನು ಅನುಮಾನಿಸಿ. J ಯಲ್ಲಿ ವ್ಯಾಸ ನಾಲ್ಕನೇ ಘಾತದಲ್ಲಿ ಕುಳಿತಿದೆ. 10 ಮಿ.ಮೀ. ಸರಳನ್ನು 0.1 ಮಿ.ಮೀ. ದಪ್ಪವಾಗಿ ಓದಿದರೆ G ಶೇ. 4ರಷ್ಟು ಇಳಿಯುತ್ತದೆ, ν ಒಮ್ಮೆಗೇ 0.30ರಿಂದ 0.35ಕ್ಕೆ ಜಿಗಿಯುತ್ತದೆ. ತುಕ್ಕಿನ ಪದರವನ್ನು ಉಜ್ಜಿ ತೆಗೆದು, ಮೂರು ಜಾಗಗಳಲ್ಲಿ, ಪ್ರತಿ ಜಾಗದಲ್ಲೂ ಎರಡು ಲಂಬ ದಿಕ್ಕುಗಳಲ್ಲಿ ವ್ಯಾಸ ಅಳೆಯಿರಿ.

ನಿಮಗೆ ಮನದಟ್ಟು ಮಾಡಿಸಬೇಕೆಂದು ನನಗಿರುವ ಮುಖ್ಯ ವಿಷಯ ಇದೇ: E ಮತ್ತು G ಗಳಿಂದ ν ತೆಗೆಯುವುದು ತಪ್ಪನ್ನು ಹಿಗ್ಗಿಸುವ ದಾರಿ. 1.30ರಿಂದ 1 ಕಳೆಯುತ್ತಿದ್ದೀರಿ, 1.30ರಲ್ಲಿರುವ ಶೇ. 1ರ ತಪ್ಪು 0.30ರಲ್ಲಿ ಶೇ. 4 ಮೀರುತ್ತದೆ. K ಯಲ್ಲಿ ಇನ್ನೂ ಹೆಚ್ಚು: G ಯಲ್ಲಿ ಶೇ. 1ರ ತಪ್ಪು K ಯನ್ನು ಶೇ. 6ಕ್ಕೂ ಹೆಚ್ಚು ಅಲುಗಿಸುತ್ತದೆ. ಆದ್ದರಿಂದ ಅಡ್ಡ ಕುಗ್ಗುವಿಕೆಯನ್ನು ನೇರವಾಗಿ ಅಳೆಯಬೇಕೆಂಬ ನಿಮ್ಮ ಯೋಚನೆ ಸರಿಯಾದದ್ದೇ. ಉಪಕರಣ ಮಾತ್ರ ಸಾಲದಾಯಿತು.

ಎಷ್ಟು ಸಾಲದಾಯಿತು ನೋಡಿ. 60 ಕಿಲೋನ್ಯೂಟನ್ ಎಳೆತಕ್ಕೆ ನಿಮ್ಮ 25 ಮಿ.ಮೀ. ಸರಳಿನಲ್ಲಿ ಸ್ಟ್ರೆಸ್ 122 ಮೆಗಾಪಾಸ್ಕಲ್, ಉದ್ದದ ಸ್ಟ್ರೇನ್ ಹತ್ತು ಲಕ್ಷಕ್ಕೆ 596. ಅಂದರೆ 200 ಮಿ.ಮೀ. ಉದ್ದಕ್ಕೆ 0.12 ಮಿ.ಮೀ. ಹಿಗ್ಗುವಿಕೆ. ಅಡ್ಡ ಸ್ಟ್ರೇನ್ ಅದರ 0.3 ಪಾಲು, ಹತ್ತು ಲಕ್ಷಕ್ಕೆ ಸುಮಾರು 179. ಅಂದರೆ ವ್ಯಾಸ ಕುಗ್ಗಿದ್ದು 0.0045 ಮಿ.ಮೀ. ನಿಮ್ಮ ಸ್ಕ್ರೂ ಗೇಜಿನ ಅತಿ ಸಣ್ಣ ಗೆರೆ 0.01 ಮಿ.ಮೀ. ಗೆರೆಯ ಅರ್ಧದಷ್ಟೂ ಇಲ್ಲದ ಬದಲಾವಣೆ ನಿಮಗೆ ಕಾಣದೇ ಇದ್ದದ್ದೇ ಸರಿ. ಕೈಯ ಬಿಸಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ: ಸರಳು 5 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಹತ್ತು ಲಕ್ಷಕ್ಕೆ 60ರಷ್ಟು ಹಿಗ್ಗುತ್ತದೆ. ನೀವು ಹುಡುಕುತ್ತಿರುವ ಕುಗ್ಗುವಿಕೆಯ ಮೂರನೇ ಒಂದು ಭಾಗ ಅಷ್ಟರಲ್ಲೇ ಮುಚ್ಚಿಹೋಗುತ್ತದೆ.

ಎರಡು ಸ್ಟ್ರೇನ್ ಗೇಜ್‌ಗಳನ್ನು ಒಂದನ್ನು ಉದ್ದಕ್ಕೆ, ಇನ್ನೊಂದನ್ನು ನಿಖರವಾಗಿ ಅಡ್ಡಕ್ಕೆ ಅಂಟಿಸಿ. ಸಾಧ್ಯವಾದರೆ ಇಂಥದೇ ಇನ್ನೊಂದು ಜೋಡಿಯನ್ನು ಸರಳಿನ ಎದುರು ಬದಿಗೆ ಅಂಟಿಸಿ ಸರಾಸರಿ ತೆಗೆದುಕೊಳ್ಳಿ. ಎಳೆತ ಸ್ವಲ್ಪ ಓರೆಯಾಗಿದ್ದು ಸರಳು ಬಾಗಿದ್ದರೆ ಅದರ ಪರಿಣಾಮ ಹೀಗೆ ಕಳೆದುಹೋಗುತ್ತದೆ. ಒಂದೇ ಹೊರೆಯಲ್ಲಿ ಓದಿ ಭಾಗಿಸಬೇಡಿ. 10, 20, 30 ಹೀಗೆ 60 ಕಿಲೋನ್ಯೂಟನ್‌ವರೆಗೆ ಏರಿಸಿ, ಅಡ್ಡ ಸ್ಟ್ರೇನನ್ನು ಉದ್ದದ ಸ್ಟ್ರೇನಿಗೆ ಎದುರಾಗಿ ಗುರುತಿಸಿ, ಗೆರೆಯ ಇಳಿಜಾರನ್ನು ν ಎಂದು ತೆಗೆದುಕೊಳ್ಳಿ. ಗೆರೆ ಸೊನ್ನೆಯ ಮೂಲಕ ಹೋಗದಿದ್ದರೂ ಇಳಿಜಾರು ಕೆಡುವುದಿಲ್ಲ.

ಹೊರೆ ಏರಿಸುತ್ತಾ ಹೋಗಿ ಇಳಿಜಾರು 0.3ರಿಂದ ಮೇಲಕ್ಕೆ ಬಾಗತೊಡಗಿದರೆ ಅಲ್ಲಿಗೆ ನಿಲ್ಲಿಸಿ. ಸರಳು ಯೀಲ್ಡ್ ಆಗುತ್ತಿದೆ. ಉಕ್ಕು ಶಾಶ್ವತವಾಗಿ ಹರಿಯುವಾಗ ಪರಿಮಾಣ ಬದಲಾಗದ ಕಾರಣ ಅನುಪಾತ 0.5ರ ಕಡೆಗೆ ಸರಿಯುತ್ತದೆ. ಆ ಹಂತದಲ್ಲಿ ವ್ಯಾಸದ ಇಳಿಕೆ ನಿಮ್ಮ ಸ್ಕ್ರೂ ಗೇಜಿಗೂ ಸಲೀಸಾಗಿ ಸಿಗುತ್ತದೆ. ಆದರೆ ಆ ಅಂಕಿಯನ್ನು E, G, K ಗಳ ಸೂತ್ರಗಳಿಗೆ ಹಾಕುವಂತಿಲ್ಲ.